ಬಾಗಿಲು ತಟ್ಟುವ ಬೆಲೆ

ತುಮಕೂರಿನಲ್ಲಿ ನೀರು ಶುದ್ಧೀಕರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ತೆರೆದ ಮೊದಲ ವರ್ಷ, ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ ಎಷ್ಟು ಕೇಳಬೇಕು ಅನ್ನುವುದನ್ನು ನಾನು ಬಹಳ ಸುಲಭವಾಗಿ ತೀರ್ಮಾನ ಮಾಡಿದ್ದೆ. ಊರಿನಲ್ಲಿ ಬೇರೆಯವರು 2,000 ತೆಗೆದುಕೊಳ್ಳುತ್ತಿದ್ದರು. ಹೊಸಬನಾದ್ದರಿಂದ ನಾನು 1,800 ಎಂದೆ. ವರ್ಷಕ್ಕೆ ಎರಡು ಸಲ ಸರ್ವಿಸ್, ಮಧ್ಯೆ ಎಷ್ಟು ಸಲ ಕೆಟ್ಟರೂ ಬಂದು ನೋಡುತ್ತೇವೆ, ಫಿಲ್ಟರ್, ಮೆಂಬ್ರೇನ್, ಬಿಡಿಭಾಗ ಎಲ್ಲ ನಮ್ಮದೇ. ಜನ ಖುಷಿಯಾಗಿ ಸೇರಿದರು. ಏಪ್ರಿಲ್, ಮೇ ತಿಂಗಳಲ್ಲೇ 300 ಮನೆ ಆಯಿತು. ಕೈಗೆ 5,40,000 ರೂಪಾಯಿ ಬಂತು. ಅಂಗಡಿಗೆ ರ‍್ಯಾಕ್ ಹಾಕಿಸಿದೆ, ಹುಡುಗರಿಗೆ ಎರಡು ಬೈಕ್ ಕೊಡಿಸಿದೆ.

ಮುಂದಿನ ಜನವರಿಯಲ್ಲಿ ಪಂಪ್ ತರಿಸಲು ದುಡ್ಡಿರಲಿಲ್ಲ. ಫೋನು ಮಾತ್ರ ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಕಳ್ಳತನ ಆಗಿರಲಿಲ್ಲ, ಹುಡುಗರು ಮೈಗಳ್ಳರೂ ಆಗಿರಲಿಲ್ಲ. ಎಲ್ಲರೂ ಬೆಳಗ್ಗೆಯಿಂದ ಸಂಜೆವರೆಗೆ ದುಡಿಯುತ್ತಿದ್ದೆವು. ಆದರೂ ಪ್ರತಿ ಮನೆಯ ಮೇಲೂ ನಷ್ಟವಾಗುತ್ತಿತ್ತು. ಅದು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಎಎಂಸಿ ಕಟ್ಟುವ ಮನೆಯವರಿಗೂ ಅದನ್ನು ಮಾರುವ ಅಂಗಡಿಯವರಿಗೂ ಒಂದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಇವು ನಮ್ಮ ಊರಿನ, ನಮ್ಮ ಅಂಗಡಿಯ ಅಂಕಿಗಳು. ನಿಮ್ಮ ಊರಿನಲ್ಲಿ ಬೇರೆ ಇರುತ್ತವೆ, ಲೆಕ್ಕದ ದಾರಿ ಮಾತ್ರ ಇದೇ.

ನಮ್ಮಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಪ್ರತಿ ಸಲ ಮನೆಗೆ ಹೋದಾಗಲೂ ಜಾಬ್ ಕಾರ್ಡ್ ಬರೆಸಿ ಗ್ರಾಹಕರ ಸಹಿ ಹಾಕಿಸುತ್ತಿದ್ದೆವು. ಯಾವ ತಾರೀಖು, ಏನು ದೂರು, ಯಾವ ಭಾಗ ಬದಲಾಯಿತು, ನೀರಿನ ಟಿಡಿಎಸ್ ಎಷ್ಟು. ವರ್ಷದ ಕಾರ್ಡುಗಳು ಎರಡು ರಟ್ಟಿನ ಡಬ್ಬದಲ್ಲಿ ತುಂಬಿದ್ದವು. ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು, ಹುಡುಗರಿಬ್ಬರನ್ನೂ ಕೂರಿಸಿಕೊಂಡು, ನೆಲದ ಮೇಲೆ ಕಾರ್ಡುಗಳನ್ನು ದೂರಿನ ಪ್ರಕಾರ ಗುಡ್ಡೆ ಹಾಕಿದೆವು. ಒಬ್ಬ ಓದುವುದು, ಒಬ್ಬ ಗುಡ್ಡೆಗೆ ಎಸೆಯುವುದು, ನಾನು ನೋಟ್‌ಬುಕ್ಕಿನಲ್ಲಿ ಗೀಟು ಹಾಕುವುದು.

ಮುಗಿಯುವ ಮೊದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಯಾವಾಗಲೂ ಹೆದರುತ್ತಿದ್ದದ್ದು ಪಂಪಿಗೆ. ಒಂದು ಬೂಸ್ಟರ್ ಪಂಪ್ ಎಂದರೆ 1,100 ರೂಪಾಯಿ, ಅದು ಹೋಯಿತು ಎಂದು ಹುಡುಗ ಫೋನ್ ಮಾಡಿದರೆ ಎದೆ ಧಸಕ್ ಎನ್ನುತ್ತಿತ್ತು. ಆದರೆ ಪಂಪಿನ ಗುಡ್ಡೆ ಚಿಕ್ಕದು. ನೂರು ಯಂತ್ರಕ್ಕೆ ವರ್ಷಕ್ಕೆ 9. ಕರೆಂಟ್ ಅಡಾಪ್ಟರ್ ಸುಟ್ಟಿದ್ದು 14. ಯಂತ್ರಕ್ಕೆ ನೀರು ಬಿಡುವ, ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್, ನಮ್ಮ ಹುಡುಗರ ಬಾಯಲ್ಲಿ ಎಸ್‌ವಿ, ಅದು 12. ತೊಟ್ಟಿ ತುಂಬಿದಾಗ ಯಂತ್ರವನ್ನು ನಿಲ್ಲಿಸುವ ಫ್ಲೋಟ್ 8. ಪೈಪು, ಎಲ್ಬೋ ಸೋರಿದ್ದು 22. ಎಲ್ಲಕ್ಕಿಂತ ದೊಡ್ಡ ಗುಡ್ಡೆ 25 ಕಾರ್ಡಿನದು, ಅದರಲ್ಲಿ ಯಾವ ಭಾಗವೂ ಬದಲಾಗಿರಲಿಲ್ಲ. ಒಳಬರುವ ನಲ್ಲಿ ಯಾರೋ ತಿರುಗಿಸಿಟ್ಟಿದ್ದರು, ಪ್ಲಗ್ ಸಡಿಲವಾಗಿತ್ತು, ಮಾಳಿಗೆಯ ಟ್ಯಾಂಕಿನಲ್ಲಿ ನೀರೇ ಇರಲಿಲ್ಲ.

ಎಲ್ಲ ಸೇರಿ ನೂರು ಯಂತ್ರಕ್ಕೆ ವರ್ಷಕ್ಕೆ 90 ದೂರು. ಅಂದರೆ ಒಂದು ಯಂತ್ರಕ್ಕೆ 0.9. ಕೆಡುವ ದರ ಎಂದರೆ ಇಷ್ಟೇ: ಎಷ್ಟು ಯಂತ್ರ, ಎಷ್ಟು ಕಾಲದಲ್ಲಿ, ಎಷ್ಟು ಸಲ ಕೆಟ್ಟವು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಸುಳ್ಳು ಬರೆಯದ ಜಾಬ್ ಕಾರ್ಡ್ ಸಾಕು.

ಬಿಡಿಭಾಗಗಳ ಬೆಲೆ ಕೂಡಿಸಿದೆ. ಪಂಪಿಗೆ 9,900, ಅಡಾಪ್ಟರಿಗೆ ತಲಾ 350ರಂತೆ 4,900, ಎಸ್‌ವಿಗೆ ತಲಾ 150ರಂತೆ 1,800, ಫ್ಲೋಟಿಗೆ 800, ಪೈಪು ಎಲ್ಬೋಗೆ ಚಿಲ್ಲರೆ 440. ನೂರು ಯಂತ್ರಕ್ಕೆ 17,840. ಒಂದು ಯಂತ್ರದ ಪಾಲಿಗೆ 178 ರೂಪಾಯಿ. ನೋಟ್‌ಬುಕ್ಕಿನಲ್ಲಿ ಮೂರು ಸಲ ಕೂಡಿಸಿದರೂ ಅಷ್ಟೇ. ನನ್ನ ನಿದ್ದೆ ಕೆಡಿಸಿದ್ದ ಪಂಪು ಒಂದು ಯಂತ್ರದ ಪಾಲಿಗೆ ವರ್ಷಕ್ಕೆ 99 ರೂಪಾಯಿ. ಹಾಗಾದರೆ ದುಡ್ಡು ಹೋದದ್ದೆಲ್ಲಿ?

ಬೈಕಿನ ಮೇಲೆ ಹೋಗಿತ್ತು. ಒಬ್ಬ ಹುಡುಗ ಒಂದು ಮನೆಗೆ ಹೋಗಿ ಬರಲು ಎಷ್ಟು ಖರ್ಚು ಎಂದು ಯಾರಾದರೂ ಕೇಳಿದ್ದರೆ ಆಗ ನಾನು ‘ಪೆಟ್ರೋಲು ನಲವತ್ತು, ಅವನ ಕೂಲಿ ಅರವತ್ತು, ನೂರು ಹಿಡಿ’ ಎನ್ನುತ್ತಿದ್ದೆ. ಈಗ ಸರಿಯಾಗಿ ಬರೆದು ನೋಡಿದೆ. ಒಬ್ಬ ಹುಡುಗನ ಸಂಬಳ, ಪೆಟ್ರೋಲು, ಬೈಕಿನ ಟಯರು, ಫೋನು, ವಿಮೆ ಎಲ್ಲ ಸೇರಿ ತಿಂಗಳಿಗೆ 24,000. ಇಬ್ಬರಿಗೆ 48,000. ಅಂಗಡಿ ಬಾಡಿಗೆ, ಫೋನ್ ತೆಗೆದುಕೊಂಡು ದೂರು ಬರೆದುಕೊಳ್ಳುವ ಹುಡುಗಿಯ ಸಂಬಳ, ಕರೆಂಟು ಸೇರಿ 30,000. ಒಟ್ಟು 78,000. ರಜೆ, ಹಬ್ಬ, ಜ್ವರ ಕಳೆದರೆ ಒಬ್ಬ ಹುಡುಗ ತಿಂಗಳಿಗೆ 24 ದಿನ ದುಡಿಯುತ್ತಾನೆ. ದಿನಕ್ಕೆ ಐದು ಮನೆ. ಆರನೆಯದಕ್ಕೆ ಹೊರಟರೆ ಕತ್ತಲಾಗುತ್ತದೆ, ಅಡುಗೆಮನೆಗೆ ಆ ಹೊತ್ತಿನಲ್ಲಿ ಯಾರೂ ಬಿಡುವುದಿಲ್ಲ. ಇಬ್ಬರದೂ ಸೇರಿ ತಿಂಗಳಿಗೆ 240 ಬಾಗಿಲು. 78,000ವನ್ನು 240ರಿಂದ ಭಾಗಿಸಿದರೆ 325.

ಇಲ್ಲಿಗೆ ಮುಗಿಯಲಿಲ್ಲ. ಐದು ಬಾಗಿಲಿನಲ್ಲಿ ಒಂದು ಬೀಗ ಹಾಕಿರುತ್ತದೆ. ‘ಬನ್ನಿ ಮನೇಲೇ ಇರ್ತೀವಿ’ ಎಂದವರು ಬ್ಯಾಂಕಿಗೆ ಹೋಗಿರುತ್ತಾರೆ, ಮಗುವನ್ನು ಕರೆತರಲು ಶಾಲೆಗೆ ಹೋಗಿರುತ್ತಾರೆ. ಅವರದೂ ತಪ್ಪಲ್ಲ, ಹನ್ನೊಂದಕ್ಕೆ ಎಂದವನು ಒಂದೂವರೆಗೆ ಹೋದರೆ ಅವರಾದರೂ ಏನು ಮಾಡುತ್ತಾರೆ. ಆದರೆ ಕೆಲಸ ಮುಗಿದ ಭೇಟಿ 240ರಲ್ಲಿ 192 ಮಾತ್ರ. 78,000ವನ್ನು ಅದರಿಂದ ಭಾಗಿಸಿದರೆ 406. ಸುಮಾರು 400 ರೂಪಾಯಿ. ಒಬ್ಬ ಮೆಕ್ಯಾನಿಕ್ ನಿಮ್ಮ ಬಾಗಿಲು ತಟ್ಟಿ, ಕೆಲಸ ಮುಗಿಸಿ, ಸಹಿ ಹಾಕಿಸಿಕೊಂಡು ಹೊರಡುವುದಕ್ಕೆ ನಮ್ಮಂಥ ಅಂಗಡಿಗೆ ತಗಲುವ ನಿಜವಾದ ಖರ್ಚು ಅದು. ಒಂದು ರೂಪಾಯಿಯ ಸಾಮಾನು ಬಳಸದಿದ್ದರೂ ಅಷ್ಟೇ. ಪ್ಲಗ್ ಸಡಿಲವಾಗಿದ್ದ ಮನೆಯಲ್ಲೂ 400, ಪಂಪ್ ಹೋದ ಮನೆಯಲ್ಲೂ 400.

ಈಗ ಒಂದು ಯಂತ್ರದ ವರ್ಷವನ್ನು ಕಟ್ಟಿ ನೋಡಬಹುದು. ಒಪ್ಪಂದದ ಪ್ರಕಾರ ಎರಡು ಸರ್ವಿಸ್. ದೂರಿಗೆ ಹೋದದ್ದು 0.9. ಆರು ದೂರಿನಲ್ಲಿ ಒಂದಕ್ಕೆ ಎರಡನೇ ಸಲ ಹೋಗಬೇಕಾಗುತ್ತಿತ್ತು, ಹುಡುಗನ ಚೀಲದಲ್ಲಿ ಆ ಅಡಾಪ್ಟರ್ ಇರುತ್ತಿರಲಿಲ್ಲ. ಅದು 0.15. ಒಟ್ಟು ವರ್ಷಕ್ಕೆ 3.05 ಭೇಟಿ, 400ರಂತೆ 1,220 ರೂಪಾಯಿ. ಬಿಡಿಭಾಗ 178. ಒಳಗಿನ ಫಿಲ್ಟರ್ ಸೆಟ್ ವರ್ಷಕ್ಕೊಂದು, ಹೊರಗಿನ ಬಿಳಿ ಕ್ಯಾಂಡಲ್ ಎರಡು, ಸೇರಿ 470. ಮೆಂಬ್ರೇನ್ 1,400 ರೂಪಾಯಿಯದು, ಒಳ್ಳೆಯ ನೀರಿದ್ದರೆ ಮೂರು ವರ್ಷ ಬರುತ್ತದೆ, ವರ್ಷದ ಪಾಲು 467. ಎಲ್ಲ ಕೂಡಿಸಿದರೆ 2,335.

ನಾನು ತೆಗೆದುಕೊಂಡಿದ್ದು 1,800. ಒಂದೊಂದು ಮನೆಗೂ ಕನಿಷ್ಠ 535 ಕೈಯಿಂದ ಹಾಕುತ್ತಿದ್ದೆ. 300 ಮನೆಗೆ 1,60,500. ವರ್ಷವಿಡೀ ಅದು ಕಾಣಿಸಲಿಲ್ಲ, ಏಕೆಂದರೆ ಎಎಂಸಿಯಲ್ಲಿ ದುಡ್ಡು ಮೊದಲು ಬರುತ್ತದೆ, ಖರ್ಚು ಆಮೇಲೆ ಬರುತ್ತದೆ. ಏಪ್ರಿಲ್‌ನಲ್ಲಿ ಕೈಗೆ ಬಂದ 1,800ರಲ್ಲಿ ಆ ತಿಂಗಳು ನಾನು ದುಡಿದದ್ದು 150 ಮಾತ್ರ. ಉಳಿದ 1,650 ಇನ್ನೂ ಗ್ರಾಹಕರದೇ, ಮುಂದಿನ ಹನ್ನೊಂದು ತಿಂಗಳ ಕೆಲಸವಾಗಿ ನಾನು ತೀರಿಸಬೇಕಾದ ಸಾಲ. ಅದನ್ನು ಲಾಭ ಎಂದುಕೊಂಡು ಬೈಕ್ ಕೊಡಿಸಿದ್ದೆ. ಆಮೇಲಿನ ವರ್ಷಗಳಲ್ಲಿ ಎಎಂಸಿ ಹಣಕ್ಕೆ ಬೇರೆ ಖಾತೆ ಮಾಡಿ, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲನ್ನು ಮಾತ್ರ ಅಂಗಡಿ ಖಾತೆಗೆ ದಾಟಿಸುತ್ತಿದ್ದೆ. ಊರೂರಲ್ಲೂ ಎಎಂಸಿ ಕಟ್ಟಿಸಿಕೊಂಡು ಆರು ತಿಂಗಳಿಗೆ ಬಾಗಿಲು ಹಾಕುವ ಅಂಗಡಿಗಳನ್ನು ನೀವು ನೋಡಿರಬಹುದು. ಅವರೆಲ್ಲ ಮೋಸಗಾರರಲ್ಲ. ಎಷ್ಟೋ ಜನ ಇದೇ ಹಳ್ಳಕ್ಕೆ ಬಿದ್ದವರು.

ಬೆಲೆ ಏರಿಸುವ ಮೊದಲು ಭೇಟಿ ಇಳಿಸಲು ಆಗುತ್ತದೆಯೇ ಎಂದು ನೋಡಿದೆ. ಭೇಟಿಯೇ ಅರ್ಧಕ್ಕಿಂತ ಹೆಚ್ಚು ಖರ್ಚು ಎಂದಮೇಲೆ ಕೈ ಹಾಕಬೇಕಾದದ್ದು ಅಲ್ಲಿಗೇ. ಫೋನ್ ತೆಗೆದುಕೊಳ್ಳುವ ಹುಡುಗಿಗೆ ಮೂರು ಪ್ರಶ್ನೆ ಬರೆದುಕೊಟ್ಟೆವು. ಯಂತ್ರದ ಮೇಲೆ ದೀಪ ಉರಿಯುತ್ತಿದೆಯೇ? ಅದರ ಹಿಂದಿನ ಚಿಕ್ಕ ನಲ್ಲಿ ತೆರೆದಿದೆಯೇ? ಅಡುಗೆಮನೆಯ ಬೇರೆ ನಲ್ಲಿಯಲ್ಲಿ ನೀರು ಬರುತ್ತಿದೆಯೇ? ಮೊದಮೊದಲು ‘ಬರೋಕೆ ಸೋಮಾರಿತನ ಇವರಿಗೆ’ ಎಂದು ಕೆಲವರು ಬೇಜಾರು ಮಾಡಿಕೊಂಡರು. ಫೋನಿನಲ್ಲೇ ನೀರು ಬಂದಮೇಲೆ ಅವರೇ ಸಮಾಧಾನವಾದರು. ನೂರು ಯಂತ್ರಕ್ಕೆ 12 ಭೇಟಿ ಹೀಗೆ ಉಳಿಯಿತು.

ಇನ್ನೊಂದು, ಸರ್ವಿಸ್ ಬಾಕಿ ಇರುವ ಮನೆಯಿಂದ ಒಂದೂವರೆ ತಿಂಗಳ ಒಳಗೆ ದೂರು ಬಂದರೆ ಎರಡನ್ನೂ ಒಂದೇ ಸಲಕ್ಕೆ ಮುಗಿಸುವುದು. ಅದಕ್ಕೆ ಹುಡುಗ ಹೊರಡುವಾಗಲೇ ಕಾರ್ಡ್ ನೋಡಿ ಫಿಲ್ಟರ್ ಸೆಟ್ ಚೀಲಕ್ಕೆ ಹಾಕಿಕೊಳ್ಳಬೇಕು. ಜೊತೆಗೆ ಎಲ್ಲರ ಚೀಲದಲ್ಲೂ ಎರಡು ಅಡಾಪ್ಟರ್, ಎರಡು ಎಸ್‌ವಿ ಯಾವಾಗಲೂ ಇರಬೇಕು. ಇವೆರಡರಿಂದ ಇನ್ನೂ 23 ಭೇಟಿ ಕಡಿಮೆಯಾಯಿತು. 3.05 ಇದ್ದದ್ದು 2.70ಕ್ಕೆ ಇಳಿಯಿತು. ಒಂದು ಯಂತ್ರಕ್ಕೆ 140 ರೂಪಾಯಿ ಉಳಿತಾಯ. ಎಲ್ಲ ಪಂಪುಗಳನ್ನೂ ಯಾರಾದರೂ ಪುಕ್ಕಟೆ ಕೊಟ್ಟಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ದೂರದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಗುಬ್ಬಿ ನಮ್ಮೂರಿಂದ ಸುಮಾರು 20 ಕಿಲೋಮೀಟರು. ಅಲ್ಲಿ ಒಂದು ಮನೆಗೆ ಹೋಗಿಬಂದರೆ ದಿನದ ಐದು ಬಾಗಿಲಿನಲ್ಲಿ ಎರಡರ ಹೊತ್ತು ಮುಗಿಯುತ್ತದೆ, ಅಂದರೆ ಆ ಭೇಟಿ 400 ಅಲ್ಲ, 800. ಹಾಗೆಂದು ಗುಬ್ಬಿಯವರಿಂದ ಎರಡರಷ್ಟು ಕೇಳಲು ಮನಸ್ಸು ಬರಲಿಲ್ಲ. ಮಂಗಳವಾರ ಮಾತ್ರ ಗುಬ್ಬಿ ಎಂದು ಗೊತ್ತು ಮಾಡಿದೆವು. ನಾಲ್ಕು ಮನೆ ಒಟ್ಟಿಗೆ ಸಿಕ್ಕಿದರೆ ಊರೊಳಗಿನ ಲೆಕ್ಕವೇ ಸರಿಹೋಗುತ್ತದೆ. ಬುಧವಾರ ಕೆಟ್ಟರೆ ಆರು ದಿನ ಕಾಯಬೇಕು ಎಂಬುದನ್ನು ಒಪ್ಪಂದದ ಚೀಟಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆದೆವು. ಒಂದೇ ಅಪಾರ್ಟ್‌ಮೆಂಟಿನ ಮೂವತ್ತು ಮನೆ ಒಟ್ಟಿಗೆ ಸೇರಿದರೆ ಕಡಿಮೆ ಬೆಲೆಗೆ ಕೊಡಲು ಆಗುವುದೂ ಇದೇ ಕಾರಣಕ್ಕೆ. ಅಲ್ಲಿ ಹುಡುಗ ಬೈಕನ್ನು ಒಂದೇ ಸಲ ನಿಲ್ಲಿಸುತ್ತಾನೆ.

ಸರಾಸರಿ ಎಂಬುದು ಪೂರ್ತಿ ನಂಬುವಂಥದ್ದಲ್ಲ ಎಂದು ತಿಳಿಸಿಕೊಟ್ಟವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಗ್ರಾಹಕರೊಬ್ಬರು. ಅವರ ಮನೆಯ ಫಿಲ್ಟರ್ ಬದಲಿಸುವಾಗ ನಾನು 0.9ರ ಕಥೆ ಹೇಳಿದೆ. ಅವರು ಕೇಳಿದರು: ‘ಸರಿ, ಒಂದು ಸಲವೂ ಕೆಡದ ಯಂತ್ರ ಎಷ್ಟು? ಮೂರು ಸಲಕ್ಕಿಂತ ಹೆಚ್ಚು ಕೆಟ್ಟದ್ದು ಎಷ್ಟು? ಎಣಿಸಿದ್ದೀರಾ?’ ನಾನು ಎಣಿಸಿರಲಿಲ್ಲ. ಆಗ ಅವರು ಒಂದು ಕಾಗದದ ಮೇಲೆ ಲೆಕ್ಕ ಹಾಕಿ ಕೊಟ್ಟರು. ಫ್ರಾನ್ಸಿನ ಗಣಿತಜ್ಞ ಪಾಯ್ಸನ್ ಹೆಸರಿನಲ್ಲಿರುವ ಸೂತ್ರ ಅದು, 19ನೇ ಶತಮಾನದ್ದು. ಎಲ್ಲ ಯಂತ್ರಗಳೂ ಒಂದೇ ಗುಣದವಾಗಿದ್ದು, ಕೆಡುವುದು ಬರೀ ಅದೃಷ್ಟದ ಮಾತಾಗಿದ್ದರೆ, ಸರಾಸರಿ 0.9 ಇರುವಾಗ ನೂರರಲ್ಲಿ ಸುಮಾರು 41 ಯಂತ್ರ ವರ್ಷವಿಡೀ ಕೆಡಬಾರದು, 37 ಒಂದು ಸಲ, 16 ಎರಡು ಸಲ, ಉಳಿದ ಆರು ಮೂರು ಅಥವಾ ಹೆಚ್ಚು ಸಲ ಕೆಡಬೇಕು.

ಅಂಗಡಿಗೆ ಬಂದು ಕಾರ್ಡುಗಳನ್ನು ಮನೆಯ ಪ್ರಕಾರ ಮತ್ತೆ ಗುಡ್ಡೆ ಹಾಕಿದೆ. ನೂರರಲ್ಲಿ 55 ಯಂತ್ರ ಒಂದು ಸಲವೂ ಕೆಟ್ಟಿರಲಿಲ್ಲ. 20 ಒಂದು ಸಲ, 13 ಎರಡು ಸಲ. ಉಳಿದ 12 ಯಂತ್ರಗಳ ಪಾಲಿಗೆ 44 ದೂರು. ಅದೃಷ್ಟ ಹೀಗೆ ಒಂದೇ ಕಡೆ ಕೂರುವುದಿಲ್ಲ. ಆ ಹನ್ನೆರಡೂ ಕಾರ್ಡುಗಳನ್ನು ಮೇಜಿನ ಮೇಲೆ ಹರವಿ ವಿಳಾಸ ಓದಿದೆ. ಒಂದು ಬಿಟ್ಟು ಎಲ್ಲವೂ ಊರಾಚೆಯ ಹೊಸ ಬಡಾವಣೆಗಳವು. ಹೇಮಾವತಿ ನೀರು ಇಲ್ಲದೆ ಬೋರ್ ನೀರು ಕುಡಿಯುವ ಬೀದಿಗಳು.

ನಮ್ಮ ಊರಿಗೆ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಅದಕ್ಕೆ ಮೀಟರ್ ಅದ್ದಿದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಒಟ್ಟು ಪ್ರಮಾಣ, ನಮಗೆ 200, 250 ತೋರಿಸುತ್ತಿತ್ತು. ಬೋರ್ ಬೀದಿಗಳಲ್ಲಿ 900, 1,100, ಒಂದೆರಡು ಕಡೆ 1,400. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ, ಐಎಸ್ 10500, ಲೀಟರಿಗೆ 500 ಮಿಲಿಗ್ರಾಂವರೆಗೆ ಇರಲಿ ಎನ್ನುತ್ತದೆ. ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಒಪ್ಪುತ್ತದೆ. ಕುಡಿಯುವವರಿಗೆ ಒಪ್ಪಿಗೆಯಾದರೂ ಯಂತ್ರಕ್ಕೆ ಆ ನೀರು ಕಷ್ಟ. ಸುಣ್ಣದ ಅಂಶ ಮೆಂಬ್ರೇನಿನ ಮೇಲೆ ಕೂರುತ್ತದೆ, ನೀರು ದಾಟಿಸಲು ಪಂಪು ಹೆಚ್ಚು ಹೊತ್ತು ಓಡುತ್ತದೆ, ಪಂಪು ಓಡಿದಷ್ಟೂ ಅಡಾಪ್ಟರ್ ಬಿಸಿಯಾಗುತ್ತದೆ, ಎಸ್‌ವಿಯ ಬಾಯಲ್ಲಿ ಬಿಳಿ ಹರಳು ಕಟ್ಟಿ ಅದು ಪೂರ್ತಿ ಮುಚ್ಚುವುದಿಲ್ಲ. ಮೆಂಬ್ರೇನ್ ಮೂರು ವರ್ಷದ ಬದಲು ಒಂದೂವರೆ ವರ್ಷಕ್ಕೆ ಸಾಯುತ್ತದೆ.

ಬೋರ್ ನೀರಿನ ಯಂತ್ರಕ್ಕೆ ಬೇರೆ ಲೆಕ್ಕ ಕಟ್ಟಿದೆ. ಮೆಂಬ್ರೇನಿನ ಪಾಲು 467 ಹೋಗಿ 933. ಇನ್ನೊಂದು ಫಿಲ್ಟರ್ ಸೆಟ್ 350. ಅರ್ಧ ಭೇಟಿ ಹೆಚ್ಚು, 200. ಒಟ್ಟು 3,351. ಭೇಟಿ ಇಳಿಸಿದ 140 ಕಳೆದರೆ 3,211, ಹೇಮಾವತಿ ನೀರಿಗೆ 2,195. ಒಂದೇ ಕಂಪನಿಯ, ಒಂದೇ ವರ್ಷ ಕೊಂಡ ಎರಡು ಯಂತ್ರಗಳ ನಡುವೆ ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ನಾನು ಇಬ್ಬರಿಂದಲೂ 1,800 ತೆಗೆದುಕೊಂಡಿದ್ದೆ.

ಇಬ್ಬರಿಗೂ ಒಂದೇ ಬೆಲೆ ಇಟ್ಟರೆ ಸಮಾನತೆ ಎನಿಸಬಹುದು. ನಡೆಯುವುದೇ ಬೇರೆ. ವರ್ಷ ಮುಗಿದು ನವೀಕರಣಕ್ಕೆ ಫೋನ್ ಮಾಡಿದಾಗ ಒಂದು ಸಲವೂ ಕೆಡದ ಮನೆಯವರು ‘ಈ ಸಲ ಬೇಡಿ, ಕೆಟ್ಟಾಗ ಕರೀತೀವಿ’ ಎನ್ನುತ್ತಾರೆ. ನಾಲ್ಕು ಸಲ ಕೆಟ್ಟವರು ಫೋನ್ ಮಾಡುವ ಮೊದಲೇ ದುಡ್ಡು ಕಳಿಸುತ್ತಾರೆ. ಎರಡನೇ ವರ್ಷ ನಮ್ಮಲ್ಲಿ ಆದದ್ದು ಇದೇ. ಒಳ್ಳೆಯ ನೀರಿನವರು ಕರಗಿದರು, ಬೋರ್ ಬೀದಿಯವರು ಉಳಿದರು, ಸರಾಸರಿ ದೂರು 0.9ರಿಂದ ಮೇಲೇರಿತು. ಬೆಲೆಯನ್ನು ಎಲ್ಲರಿಗೂ ಏರಿಸಿದ್ದರೆ ಉಳಿದ ಒಳ್ಳೆಯವರೂ ಹೋಗುತ್ತಿದ್ದರು. ಹೀಗಾಗಿ ಒಪ್ಪಂದಕ್ಕೆ ಮೊದಲು ಮನೆಗೆ ಹೋಗಿ ನೀರು ನೋಡುವುದು ಕಡ್ಡಾಯವಾಯಿತು.

ನೋಡುವುದು ಹೇಗೆಂದರೆ, ಒಳಬರುವ ನೀರಿನ ಟಿಡಿಎಸ್ ಒಂದು, ಮೆಂಬ್ರೇನ್ ದಾಟಿದ ನೀರಿನದು ಒಂದು. ಒಳಗೆ 900, ಹೊರಗೆ 90 ಬಂದರೆ ಮೆಂಬ್ರೇನ್ ಲವಣದಲ್ಲಿ ಶೇಕಡ 90 ತಡೆಯುತ್ತಿದೆ, ಗಟ್ಟಿಯಾಗಿದೆ. ಹೊರಗೆ 270 ಬಂದರೆ ಶೇಕಡ 70, ಅದರ ಕಾಲ ಮುಗಿಯಿತು. ಇಲ್ಲೊಂದು ಎಚ್ಚರ ಬೇಕು. ನಲ್ಲಿಯ ಕೊನೆಯಲ್ಲಿ ಅಳೆದರೆ ಮೋಸ ಹೋಗುತ್ತೀರಿ. ರುಚಿಗೆಂದು ಕೆಲವು ಯಂತ್ರಗಳಲ್ಲಿ ಸ್ವಲ್ಪ ಮೂಲ ನೀರನ್ನೇ ಬೆರೆಸುವ ತಿರುಪು ಇರುತ್ತದೆ, ಕೆಲವದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ಮೆಂಬ್ರೇನ್ ಚೆನ್ನಾಗಿದ್ದರೂ ಮೀಟರ್ ಹೆಚ್ಚು ತೋರಿಸುತ್ತದೆ. ಅದನ್ನು ತೋರಿಸಿ ಹೊಸ ಮೆಂಬ್ರೇನ್ ಮಾರುವವರು ಇದ್ದಾರೆ. ಮೆಂಬ್ರೇನಿನಿಂದ ಹೊರಬರುವ ಪೈಪನ್ನೇ ಬಿಚ್ಚಿ ಒಂದು ಲೋಟಕ್ಕೆ ಹಿಡಿದು ಅಳೆಯಲು ಹೇಳಿ. ಎರಡು ನಿಮಿಷದ ಕೆಲಸ.

ಖರ್ಚಿನ ಮೇಲೆ ಎಷ್ಟು ಸೇರಿಸಬೇಕು ಎಂಬ ಪ್ರಶ್ನೆ ಉಳಿಯಿತು. ಅದರಲ್ಲಿ ಒಂದು ಪಾಲು ನಮ್ಮ ಸಂಪಾದನೆ, ಇನ್ನೊಂದು ಪಾಲು ಕೆಟ್ಟ ವರ್ಷಕ್ಕೆ ಇಟ್ಟುಕೊಳ್ಳುವ ಗಂಟು. ಮೇಷ್ಟರು ಹೇಳಿದ ಸುಲಭ ದಾರಿ ಇದು: ಎಷ್ಟು ಕೆಡುತ್ತವೆ ಎಂದು ನಿರೀಕ್ಷಿಸುತ್ತೀರೋ ಅದರ ವರ್ಗಮೂಲ ತೆಗೆದು ಎರಡರಷ್ಟು ಮಾಡಿ, ಸಾಮಾನ್ಯವಾಗಿ ಏರುಪೇರು ಅಷ್ಟರೊಳಗೇ ಇರುತ್ತದೆ. ನೂರು ಯಂತ್ರಕ್ಕೆ 9 ಪಂಪು ಎಂದರೆ ವರ್ಗಮೂಲ 3, ಎರಡರಷ್ಟು 6. ಯಾವುದೋ ವರ್ಷ 3, ಯಾವುದೋ ವರ್ಷ 15 ಹೋದರೂ ಆಶ್ಚರ್ಯವಿಲ್ಲ. ನಾನೂರು ಯಂತ್ರಕ್ಕೆ 36 ಪಂಪು, ಏರುಪೇರು 12 ಮಾತ್ರ. ಮೊದಲನೆಯದರಲ್ಲಿ ಮೂರರಲ್ಲಿ ಎರಡು ಪಾಲು ಹೆಚ್ಚುಕಮ್ಮಿ, ಎರಡನೆಯದರಲ್ಲಿ ಮೂರರಲ್ಲಿ ಒಂದು ಪಾಲು. ಹೆಚ್ಚು ಮನೆ ಇರುವ ಅಂಗಡಿಗೆ ಗಂಟು ಚಿಕ್ಕದಾದರೂ ಸಾಕು ಎನ್ನುವುದು ಇದರಿಂದಲೇ.

ಆದರೆ ಈ ಲೆಕ್ಕ ನಿಲ್ಲುವುದು ಒಂದು ಕೆಟ್ಟದ್ದಕ್ಕೂ ಇನ್ನೊಂದು ಕೆಟ್ಟದ್ದಕ್ಕೂ ಸಂಬಂಧ ಇಲ್ಲದಿದ್ದಾಗ. ಒಂದು ಮುಂಗಾರು ಪೂರ್ವದ ಸಂಜೆ ಗುಡುಗು ಸಿಡಿಲಿನ ಜೊತೆ ಒಂದು ಬೀದಿಯಲ್ಲಿ ವೋಲ್ಟೇಜ್ ಏರಿತು. ಮರುದಿನ ಬೆಳಗ್ಗೆ ಅದೇ ಬೀದಿಯಿಂದ ಏಳು ಫೋನು, ಏಳೂ ಅಡಾಪ್ಟರ್. ಇಂಥದ್ದಕ್ಕೆ ವರ್ಗಮೂಲ ಉತ್ತರ ಕೊಡುವುದಿಲ್ಲ. ಬೇಸಿಗೆಯಲ್ಲಿ ಬೋರ್ ಕೆಳಗಿಳಿದು ಮಣ್ಣು ನೀರು ಬಂದಾಗಲೂ ಹಾಗೆಯೇ, ಎಲ್ಲ ಕ್ಯಾಂಡಲ್ಲುಗಳೂ ಒಂದೇ ವಾರ ಕಂದುಬಣ್ಣಕ್ಕೆ ತಿರುಗುತ್ತವೆ. ಒಪ್ಪಂದದ ಚೀಟಿಯ ಹಿಂದೆ ಚಿಕ್ಕಕ್ಷರದಲ್ಲಿ ‘ವೋಲ್ಟೇಜ್ ಏರಿಳಿತದಿಂದಾದ ಹಾನಿ ಸೇರಿಲ್ಲ’ ಎಂದು ಎಷ್ಟೋ ಕಡೆ ಇರುವುದು ಈ ಭಯಕ್ಕೆ. ಅಂಗಡಿಯವನಾಗಿ ನನಗೆ ಅದು ಅರ್ಥವಾಗುತ್ತದೆ. ಆದರೂ ಅಡಾಪ್ಟರ್ ಯಾಕೆ ಸುಟ್ಟಿತು ಎಂದು ಸುಟ್ಟಮೇಲೆ ಯಾರೂ ಖಚಿತವಾಗಿ ಹೇಳಲಾರರು. ಆ ಸಾಲನ್ನು ಇಟ್ಟುಕೊಂಡವನು ಬೇಕಾದಾಗ ಬಳಸಿಕೊಳ್ಳುತ್ತಾನೆ. ನಾವು ಅದನ್ನು ತೆಗೆದುಹಾಕಿ, ಶೇಕಡ 15 ಸೇರಿಸಿ ಬೆಲೆ ಇಟ್ಟೆವು. ಹೇಮಾವತಿ ನೀರಿಗೆ 2,550, ಬೋರ್ ನೀರಿಗೆ 3,700. ನಾಲ್ಕು ವರ್ಷ ದಾಟಿದ ಯಂತ್ರಕ್ಕೆ ಪಂಪು, ಅಡಾಪ್ಟರ್ ಎರಡೂ ಸವೆದಿರುವುದರಿಂದ ಇನ್ನಷ್ಟು ಹೆಚ್ಚು, ಅದಕ್ಕೆ ಮೊದಲು ಒಂದು ತಪಾಸಣೆ.

ಕಟ್ಟುವವರ ಕಡೆಯಿಂದ ನೋಡಿದರೆ, ಇದರಲ್ಲಿ ಶೇಕಡ 15 ಹೆಚ್ಚು ಕೊಡುತ್ತಿದ್ದೀರಿ ಎಂಬುದು ನಿಜ. ಒಳ್ಳೆಯ ನೀರಿದ್ದು, ಕೆಟ್ಟ ದಿನ ಬೇರೆ ಕಡೆಯಿಂದ ನೀರು ತರಲು ಆಗುವ ಮನೆಯವರು ಕರೆದಾಗ ಕರೆದಾಗ ದುಡ್ಡು ಕೊಟ್ಟರೂ ನಷ್ಟವಿಲ್ಲ. ನಾನೇ ಹಾಗೆ ಹೇಳಿ ಕಳಿಸಿದ್ದೇನೆ. ಎಎಂಸಿ ಕಟ್ಟುವುದಾದರೆ ಮೆಂಬ್ರೇನ್ ಸೇರಿದೆಯೇ ಎಂದು ಮೊದಲು ಕೇಳಿ. 1,500ಕ್ಕೆ ಕೊಡುತ್ತೇವೆ ಎನ್ನುವ ಒಪ್ಪಂದದಲ್ಲಿ ಬಹುಪಾಲು ಅದು ಇರುವುದಿಲ್ಲ, ಕೆಲವದರಲ್ಲಿ ಫಿಲ್ಟರೂ ಇರುವುದಿಲ್ಲ. ಆಗ ನೀವು ಕೊಳ್ಳುತ್ತಿರುವುದು ಭೇಟಿಯನ್ನು ಮಾತ್ರ. ಅದು ತಪ್ಪಲ್ಲ, ಆದರೆ ಎಷ್ಟು ಭೇಟಿ ಎಂದು ಚೀಟಿಯಲ್ಲಿ ಬರೆದಿರಬೇಕು. ಮೆಂಬ್ರೇನೂ ಸೇರಿ 1,500 ಎಂದರೆ ಇನ್ನೂ ಹುಷಾರು. ಒಂದು ಬಾಗಿಲಿಗೆ 400 ತಗಲುವಾಗ ಆ ದುಡ್ಡು ಎಲ್ಲಿಂದ ಬರುತ್ತದೆ? ಒಂದೋ ಸರ್ವಿಸ್ ತಪ್ಪಿಸುತ್ತಾರೆ, ಇಲ್ಲ ಬಂದಾಗಲೆಲ್ಲ ‘ಇದು ಒಪ್ಪಂದದಲ್ಲಿ ಬರಲ್ಲ’ ಎಂದು ಏನಾದರೊಂದು ಮಾರುತ್ತಾರೆ.

ಹೊಸ ಬೆಲೆ ಹೇಳಲು ನಾನೇ ಆ ಹನ್ನೆರಡು ಮನೆಗಳಿಗೆ ಹೋದೆ. ಒಂದು ಮನೆಯಲ್ಲಿ ಎಪ್ಪತ್ತರ ಹತ್ತಿರದ ಅಮ್ಮ ಒಬ್ಬರೇ ಇದ್ದರು. ಹಿಂದಿನ ವರ್ಷ ಐದು ಸಲ ಹುಡುಗ ಹೋಗಿದ್ದ. 3,700 ಎಂದ ಕೂಡಲೇ ಅವರು, ‘ಏನಪ್ಪ, ಮಿಷಿನ್ನೂ ಅದೇ, ಮನೇನೂ ಅದೇ. ಎರಡರಷ್ಟು ಕೇಳ್ತಿದ್ದೀಯಲ್ಲ’ ಎಂದರು. ನಾನು ಐದು ಕಾರ್ಡುಗಳನ್ನು ಅವರ ಮುಂದಿಟ್ಟು, ಮೀಟರನ್ನು ಲೋಟದಲ್ಲಿ ಅದ್ದಿ ತೋರಿಸಿದೆ. 1,080. ‘ಅಮ್ಮ, ಬೆಲೆ ಮಿಷಿನ್ನಿಗಲ್ಲ. ಈ ನೀರಿಗೆ ಮೆಂಬ್ರೇನ್ ಒಂದೂವರೆ ವರ್ಷಾನೇ ಬರೋದು. ಆಮೇಲೆ ನಮ್ಮ ಹುಡುಗ ಇಷ್ಟು ಸಲ ಓಡಾಡಬೇಕು’ ಎಂದು ಸಾಲು ಸಾಲಾಗಿ ಲೆಕ್ಕ ಓದಿ ಹೇಳಿದೆ.

ಅವರು ಸುಮ್ಮನೆ ಕೇಳಿಸಿಕೊಂಡು, ‘ನಮ್ಮನೇಗೆ ಹೇಮಾವತೀನೂ ಬರತ್ತಲ್ಲಪ್ಪ, ಮೂರು ದಿನಕ್ಕೊಂದ್ಸಲ. ಸಂಪಿಗೆ ಬಿಡ್ತೀವಿ’ ಎಂದರು. ಹೊರಗೆ ಹೋಗಿ ನೋಡಿದೆ. ಬೋರಿನ ಪೈಪೂ ನಲ್ಲಿಯ ಪೈಪೂ ಒಂದೇ ಸಂಪಿಗೆ ಬೀಳುತ್ತಿದ್ದವು. ಹನ್ನೆರಡರಲ್ಲಿ ಬೋರ್ ಬೀದಿಯದ್ದಲ್ಲದ ಆ ಒಂದು ಮನೆ ಇದೇ ಎಂದು ಆಗ ಹೊಳೆಯಿತು. ಅವರ ಮಗ ಬಂದಾಗ ಪ್ಲಂಬರ್ ಕರೆಸಿ, ಅಡುಗೆಮನೆಗೆಂದು ಮಾಳಿಗೆಯ ಮೇಲೆ 200 ಲೀಟರಿನ ಬೇರೆ ಡ್ರಮ್ ಇಟ್ಟು, ನಲ್ಲಿಯ ನೀರನ್ನು ನೇರ ಅದಕ್ಕೆ ಹತ್ತಿಸಿದರು. ಮೀಟರ್ 230ಕ್ಕೆ ಇಳಿಯಿತು. ಅಷ್ಟು ಕಡಿಮೆ ಇರುವ ನೀರಿಗೆ ಮೆಂಬ್ರೇನಿನ ಯಂತ್ರವೇ ಬೇಕಿಲ್ಲ, ಫಿಲ್ಟರ್ ಜೊತೆ ಯುವಿ ದೀಪ ಇರುವುದು ಸಾಕು ಎಂದು ಹೇಳಿದೆ. ‘ಇರೋದನ್ನ ಯಾಕೆ ಬಿಸಾಕಲಿ, ಹಾಳಾದ ಮೇಲೆ ನೋಡೋಣ’ ಎಂದು 2,550 ಕೊಟ್ಟು ಚೀಟಿ ಬರೆಸಿಕೊಂಡರು.

ಆ ವರ್ಷ ಅವರ ಮನೆಯ ಹೆಸರಿನಲ್ಲಿ ಎರಡು ಸರ್ವಿಸ್ ಕಾರ್ಡು, ಒಂದು ದೂರಿನ ಕಾರ್ಡು. ದೂರು ಬಂದದ್ದು ದೀಪಾವಳಿಯ ಮರುದಿನ, ಎಲ್ಬೋದಲ್ಲಿ ಹನಿ ಹನಿ ಸೋರುತ್ತಿತ್ತು. ಸರ್ವಿಸಿಗೆ ಇನ್ನು ಇಪ್ಪತ್ತು ದಿನ ಬಾಕಿ ಇದ್ದದ್ದರಿಂದ ಹುಡುಗ ಎಲ್ಬೋ ಬದಲಿಸಿ, ಅದೇ ಕೂಡಿನಲ್ಲಿ ಫಿಲ್ಟರ್ ಸೆಟ್ಟೂ ಹಾಕಿ, ಎರಡೂ ಕಾರ್ಡಿಗೆ ಒಂದೇ ತಾರೀಖಿನ ಸಹಿ ಹಾಕಿಸಿಕೊಂಡು ಬಂದ.